ಒಂದು ಪಾತ್ರೆ ಟೀಯಲ್ಲಿ ಎಷ್ಟು ಕಪ್?

2025ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಲೀಟರಿಗೆ 46 ರೂಪಾಯಿ ಆಯಿತು. ಹಾಲಿನ ಬೆಲೆ ಹೀಗೆ ಏರಿದಾಗಲೆಲ್ಲ ಬಸ್ ನಿಲ್ದಾಣದ ಬದಿಯಲ್ಲಿ, ಆಸ್ಪತ್ರೆ ಗೇಟಿನ ಎದುರಿನಲ್ಲಿ ಗಾಡಿ ಇಟ್ಟುಕೊಂಡವರಿಗೆ ಎರಡೇ ದಾರಿ ಕಾಣಿಸುತ್ತವೆ. ಒಂದು, 10 ರೂಪಾಯಿಯ ಟೀಯನ್ನು 12 ಮಾಡುವುದು. ಇನ್ನೊಂದು, ಹಾಲಿಗೆ ಇನ್ನಷ್ಟು ನೀರು ಸೇರಿಸುವುದು. ಮೊದಲನೆಯದಕ್ಕೆ ಗಿರಾಕಿ ಗೊಣಗುತ್ತಾನೆ. ಎರಡನೆಯದಕ್ಕೆ ಗೊಣಗುವುದೂ ಇಲ್ಲ, ಸುಮ್ಮನೆ ಪಕ್ಕದ ಗಾಡಿಗೆ ಹೋಗುತ್ತಾನೆ.

ಈ ಎರಡು ದಾರಿ ಹಿಡಿಯುವ ಮೊದಲು ನೋಡಬೇಕಾದ ಒಂದು ಅಂಕಿ ಇದೆ. ಬಹಳಷ್ಟು ಗಾಡಿಗಳಲ್ಲಿ ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಹಾಲಿನ ದರ ಬಾಯಲ್ಲೇ ಇರುತ್ತದೆ, ಸಕ್ಕರೆಯ ದರವೂ ಗೊತ್ತು, ಸಿಲಿಂಡರ್‌ಗೆ ಈ ತಿಂಗಳು ಎಷ್ಟು ಕೊಟ್ಟೆವು ಎಂಬುದೂ ನೆನಪಿರುತ್ತದೆ. ಆದರೆ ಒಂದು ಸಲ ಇಟ್ಟ ಪಾತ್ರೆಯಿಂದ ಎಷ್ಟು ಕಪ್ ಟೀ ಮಾರಾಟವಾಯಿತು ಎಂದು ಕೇಳಿದರೆ, ‘ಹದಿನೈದು ಇಪ್ಪತ್ತು ಆಗ್ತದೆ’ ಎನ್ನುವ ಉತ್ತರ ಬರುತ್ತದೆ. ಒಂದು ಕಪ್ ಟೀಯ ನಿಜವಾದ ಖರ್ಚು ಆ ಹದಿನೈದಕ್ಕೂ ಇಪ್ಪತ್ತಕ್ಕೂ ನಡುವೆ ಅಡಗಿದೆ. ಲೆಕ್ಕ ಹಾಕಿ ನೋಡಿದರೆ ಹಾಲಿನ ದರದ ಏರಿಳಿತಕ್ಕಿಂತ ದೊಡ್ಡ ವ್ಯತ್ಯಾಸ ಅಲ್ಲೇ ಇರುತ್ತದೆ.

ತುಮಕೂರಿನಂಥ ಊರಿನಲ್ಲಿ ಗಂಡ ಹೆಂಡತಿ ನಡೆಸುವ ಒಂದು ಗಾಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೆಳಿಗ್ಗೆ ಆರಕ್ಕೆ ತೆರೆದು ರಾತ್ರಿ ಎಂಟಕ್ಕೆ ಮುಚ್ಚುತ್ತಾರೆ. ಟೀ 10 ರೂಪಾಯಿ. ದಿನಕ್ಕೆ 12 ಸಲ ಪಾತ್ರೆ ಇಡುತ್ತಾರೆ. ಮುಂದೆ ಬರುವ ದರಗಳು ನಾನು ಈ ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಊರಿನಲ್ಲಿ ಸಕ್ಕರೆ ಒಂದೆರಡು ರೂಪಾಯಿ ಆಚೀಚೆ ಇರಬಹುದು, ಟೀ ಪುಡಿ ಇನ್ನೂ ದುಬಾರಿ ಇರಬಹುದು. ದರ ಬದಲಿಸಿಕೊಂಡರೂ ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಒಂದು ಪಾತ್ರೆಗೆ 1 ಲೀಟರ್ ಹಾಲು, 600 ಮಿಲಿಲೀಟರ್ ನೀರು, 130 ಗ್ರಾಂ ಸಕ್ಕರೆ, 35 ಗ್ರಾಂ ಟೀ ಪುಡಿ, ಒಂದು ತುಂಡು ಶುಂಠಿ. ಹಾಲಿಗೆ 46 ರೂಪಾಯಿ. ಸಕ್ಕರೆ ಕೆ.ಜಿ.ಗೆ 46 ರೂಪಾಯಿಯಂತೆ 6 ರೂಪಾಯಿ. ಟೀ ಪುಡಿ ಕೆ.ಜಿ.ಗೆ 360ರಂತೆ 12 ರೂಪಾಯಿ 60 ಪೈಸೆ. ಶುಂಠಿಗೆ ಒಂದೂವರೆ ರೂಪಾಯಿ. ಕ್ಯಾನ್ ನೀರಿಗೆ 1 ರೂಪಾಯಿ. ಗ್ಯಾಸಿಗೆ 10 ರೂಪಾಯಿ ಎಂದು ಬರೆದುಕೊಳ್ಳೋಣ, ಅದು ಹೇಗೆ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ. ಎಲ್ಲ ಕೂಡಿದರೆ ಪಾತ್ರೆಗೆ 77 ರೂಪಾಯಿ 10 ಪೈಸೆ. ಪೇಪರ್ ಕಪ್ಪಿನ ಖರ್ಚು ಇದರಲ್ಲಿ ಸೇರಿಲ್ಲ. ಅದು ಮಾರಿದ ಪ್ರತಿ ಕಪ್ಪಿನ ಜೊತೆ ಹೋಗುವ ಖರ್ಚು, ಒಂದಕ್ಕೆ 45 ಪೈಸೆ ಎಂದು ಬೇರೆಯಾಗಿ ಇಡಬೇಕು.

ಈಗ ಭಾಗಿಸುವ ಅಂಕಿ. ಪಾತ್ರೆಗೆ ಬಿದ್ದದ್ದು 1,600 ಮಿಲಿಲೀಟರ್ ಹಾಲು ನೀರು. 130 ಗ್ರಾಂ ಸಕ್ಕರೆ ಕರಗಿದರೆ ಸುಮಾರು 80 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಅಲ್ಲಿಗೆ 1,680 ಆಯಿತು. ಹಾಗಾದರೆ 80 ಮಿಲಿಲೀಟರ್ ಟೀ ಹಾಕುವ ಕಪ್ಪಿನಲ್ಲಿ 21 ಕಪ್ ಬರಬೇಕಲ್ಲ ಎಂದು ಕಾಗದದ ಲೆಕ್ಕ ಹೇಳುತ್ತದೆ. ಬರುವುದಿಲ್ಲ. ಚೆನ್ನಾಗಿ ಕುದಿದು ಬಣ್ಣ ಬರುವ ಹೊತ್ತಿಗೆ ಸುಮಾರು ಹತ್ತನೇ ಒಂದು ಭಾಗ, ಅಂದರೆ 160 ಮಿಲಿಲೀಟರಿನಷ್ಟು, ಆವಿಯಾಗಿ ಹೋಗಿರುತ್ತದೆ. ಒಣಗಿದ ಟೀ ಪುಡಿ ತನ್ನ ತೂಕದ ಎರಡು ಮೂರು ಪಟ್ಟು ದ್ರವವನ್ನು ಹೀರಿಕೊಂಡು ಊದಿಕೊಳ್ಳುತ್ತದೆ. ಸೋಸುವ ಬಟ್ಟೆಯನ್ನು ಇಕ್ಕಳದಿಂದ ಒತ್ತಿ ಹಿಂಡಿದರೂ 70 ಮಿಲಿಲೀಟರ್ ಅದರಲ್ಲೇ ಉಳಿಯುತ್ತದೆ. ಪಾತ್ರೆಯ ಗೋಡೆಗೆ, ಕೆನೆಗೆ, ಜಗ್ಗಿನ ತಳಕ್ಕೆ ಅಂಟಿಕೊಂಡದ್ದು 30. ಉಳಿದದ್ದು 1,420 ಮಿಲಿಲೀಟರ್. ಅದರಲ್ಲಿ 80ರ ಲೆಕ್ಕದ 17 ಕಪ್ ಬರುತ್ತವೆ, ಹದಿನೆಂಟನೆಯದು ತುಂಬುವುದಿಲ್ಲ.

77 ರೂಪಾಯಿ 10 ಪೈಸೆಯನ್ನು 17ರಿಂದ ಭಾಗಿಸಿ, ಕಪ್ಪಿನ 45 ಪೈಸೆ ಸೇರಿಸಿದರೆ 4 ರೂಪಾಯಿ 99 ಪೈಸೆ. ಸರಿಸುಮಾರು 5 ರೂಪಾಯಿ. ಇದರಲ್ಲಿ ಹಾಲಿನದ್ದೇ 2 ರೂಪಾಯಿ 71 ಪೈಸೆ, ಅರ್ಧಕ್ಕಿಂತ ಹೆಚ್ಚು. ಟೀ ಪುಡಿ 74 ಪೈಸೆ, ಗ್ಯಾಸು 59, ಸಕ್ಕರೆ 35. ಪೇಪರ್ ಕಪ್ಪು ಸಕ್ಕರೆಗಿಂತ ದುಬಾರಿ ಎಂಬುದನ್ನು ಗಮನಿಸಿ. ಗಾಜಿನ ಲೋಟ ಇಟ್ಟುಕೊಂಡವರಿಗೆ ಈ 45 ಪೈಸೆ ಉಳಿಯುತ್ತದೆ, ಬದಲಿಗೆ ತೊಳೆಯುವ ನೀರು, ಸೋಪು, ಒಂದು ಜೊತೆ ಕೈ ಬೇಕು. ‘ಅಕ್ಕಾ, ಒಂದು ಬೈಟು’ ಎಂದವರಿಗೆ ಎರಡು ಪೇಪರ್ ಕಪ್ಪಿನಲ್ಲಿ ಹಂಚಿಕೊಟ್ಟರೆ ಆ ಒಂದು ಟೀಗೆ ಇನ್ನೂ 45 ಪೈಸೆ ಕೂಡುತ್ತದೆ. ಬೈಟುವಿಗೆ ಒಂದೆರಡು ರೂಪಾಯಿ ಜಾಸ್ತಿ ತೆಗೆದುಕೊಳ್ಳುವ ಅಂಗಡಿಯವರನ್ನು ಜಿಪುಣರು ಎನ್ನುವ ಮೊದಲು ಇದನ್ನು ನೆನೆಯಬೇಕು.

ಹಾಲು ಲೀಟರಿಗೆ 4 ರೂಪಾಯಿ ಏರಿದ್ದರಿಂದ ಒಂದು ಕಪ್ಪಿನ ಮೇಲೆ ಬಿದ್ದ ಭಾರ ಎಷ್ಟು? ನಾಲ್ಕನ್ನು 17ರಿಂದ ಭಾಗಿಸಿ. 24 ಪೈಸೆ. ಈ ಅಂಕಿಯನ್ನು ಬದಿಗಿಟ್ಟುಕೊಂಡು, ಅದೇ ಪಾತ್ರೆಯಲ್ಲಿ ಬೇರೆ ಏನೇನು ನಡೆಯಬಹುದು ನೋಡೋಣ.

ಮೊದಲು ಕೈಯ ವಿಷಯ. 90 ಮಿಲಿಲೀಟರಿನದ್ದು ಎಂದು ಮಾರುವ ಪೇಪರ್ ಕಪ್ಪು 90 ಹಿಡಿಯುವುದು ಅಂಚಿನ ತನಕ ತುಂಬಿದಾಗ. ಅಂಚಿನಿಂದ ಸ್ವಲ್ಪ ಕೆಳಗೆ ನಿಲ್ಲಿಸಿದರೆ 80. ಬೆಳಿಗ್ಗೆ ಹತ್ತು ಜನ ಒಟ್ಟಿಗೆ ಕೈಚಾಚಿ ನಿಂತಾಗ ಜಗ್ಗು ಹಿಡಿದವರ ಕೈಯನ್ನು ನೋಡಿ. ಸಾಲಾಗಿ ಇಟ್ಟ ಕಪ್ಪುಗಳ ಮೇಲೆ ಜಗ್ಗನ್ನು ನಿಲ್ಲಿಸದೆ ಎಳೆದುಕೊಂಡು ಹೋಗುತ್ತಾರೆ. ಮೊದಲ ಕಪ್ಪಿಗೆ ಬೀಳುವಾಗ ಜಗ್ಗು ತುಂಬಿರುತ್ತದೆ, ಧಾರೆ ದಪ್ಪ, ಅಂಚಿನ ತನಕ ಬಂದುಬಿಡುತ್ತದೆ. ಕೊನೆಯ ಕಪ್ಪಿಗೆ ಹೋಗುವಾಗ ಜಗ್ಗನ್ನು ಮೇಲೆತ್ತಿ ಬಗ್ಗಿಸಬೇಕು, ಧಾರೆ ಸಣ್ಣ, ನೊರೆ ಜಾಸ್ತಿ. ಮೇಲಿನಿಂದ ಎತ್ತಿ ಹೊಯ್ದ ಟೀಯಲ್ಲಿ ನೊರೆಯೇ ಕಪ್ಪಿನ ಮೇಲ್ಭಾಗವನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಕಪ್ಪು ತುಂಬಿದ ಹಾಗೆ ಕಂಡರೂ ಒಳಗೆ 70 ಇರಬಹುದು. ಹಾಗೇ ಮೆಲ್ಲಗೆ, ಹತ್ತಿರದಿಂದ ಹೊಯ್ದರೆ ನೊರೆ ಬರದೆ 90 ಹೋಗುತ್ತದೆ. ಕುಡಿಯುವವರ ಕಣ್ಣಿಗೆ ಎರಡೂ ಒಂದೇ.

ಎಲ್ಲ ಕಪ್ಪಿಗೂ 90 ಹೊಯ್ದರೆ 1,420ರಲ್ಲಿ 17ರ ಬದಲು 15 ಕಪ್ ಬರುತ್ತವೆ. ಖರ್ಚು ಕಪ್ಪಿಗೆ 4 ರೂಪಾಯಿ 99 ಪೈಸೆಯಿಂದ 5 ರೂಪಾಯಿ 59 ಪೈಸೆಗೆ ಹೋಗುತ್ತದೆ. ಕಪ್ಪೊಂದಕ್ಕೆ ಎರಡು ಚಮಚೆ ಟೀ ಹೆಚ್ಚಾದದ್ದಕ್ಕೆ 60 ಪೈಸೆ! ಹಾಲಿನ ಬೆಲೆ ಏರಿಕೆಯ ಎರಡೂವರೆ ಪಟ್ಟು.

ಗಿರಾಕಿಗೆ ಕಡಿಮೆ ಕೊಡಿ ಎಂದು ನಾನು ಹೇಳುತ್ತಿಲ್ಲ. 90 ಕೊಡುವುದೇ ನಿಮ್ಮ ಅಂಗಡಿಯ ಹೆಸರಾದರೆ ಕೊಡಿ, ಆದರೆ 90 ಎಂದು ಗೊತ್ತಿಟ್ಟುಕೊಂಡು ಕೊಡಿ. ತಪ್ಪಾಗುವುದು ಒಬ್ಬರಿಗೆ 70, ಇನ್ನೊಬ್ಬರಿಗೆ 90 ಹೋದಾಗ. ಕಡಿಮೆ ಸಿಕ್ಕವರು ಮುನಿಸಿಕೊಳ್ಳುತ್ತಾರೆ, ಹೆಚ್ಚು ಸಿಕ್ಕವರಿಗೆ ಹೆಚ್ಚು ಸಿಕ್ಕಿದೆ ಎಂಬುದೇ ತಿಳಿಯುವುದಿಲ್ಲ. ಹಿಡಿ ಇರುವ 80 ಮಿಲಿಲೀಟರಿನ ಸ್ಟೀಲ್ ಅಳತೆ ಲೋಟ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ದಿನವಿಡೀ ಅದರಿಂದಲೇ ಹೊಯ್ಯಲು ಪುರುಸೊತ್ತು ಇರುವುದಿಲ್ಲ, ಒಪ್ಪುತ್ತೇನೆ. ಬೆಳಿಗ್ಗೆ ಮೊದಲ ಪಾತ್ರೆಯಲ್ಲಿ ನಾಲ್ಕು ಕಪ್ಪಿಗೆ ಅಳೆದು ಹೊಯ್ದರೆ ಸಾಕು, ಆ ಮಟ್ಟ ಕಣ್ಣಿಗೆ ಕೂರುತ್ತದೆ.

ಎರಡನೆಯದು ಉಳಿಯುವ ಟೀ. ಪಾತ್ರೆಯಿಂದ 17 ಕಪ್ ಬಂದರೂ ಮೂರು ಕಪ್ ಮಾರಾಟವಾಗದೆ ತಳದಲ್ಲಿ ಉಳಿಯಿತು ಎಂದುಕೊಳ್ಳಿ. ಮತ್ತೆ ಮತ್ತೆ ಕಾಯಿಸಿ ಕಪ್ಪಾಗಿ ಒಗರಾದ ಆ ಟೀಯನ್ನು ಮರ್ಯಾದೆ ಇರುವ ಅಂಗಡಿಯವರು ಚೆಲ್ಲುತ್ತಾರೆ. ಆಗ 77 ರೂಪಾಯಿ 10 ಪೈಸೆಯನ್ನು 14 ಕಪ್ಪುಗಳೇ ಹೊರಬೇಕು. ಕಪ್ಪಿಗೆ 5 ರೂಪಾಯಿ 96 ಪೈಸೆ ಆಯಿತು. ಹೆಚ್ಚಾದದ್ದು 97 ಪೈಸೆ, ಹಾಲಿನ ಬೆಲೆ ಏರಿಕೆಯ ನಾಲ್ಕು ಪಟ್ಟು. ಕೈ ದೊಡ್ಡದಾಗಿ 15 ಕಪ್ಪಿಗೆ ಇಳಿದು, ಅದರಲ್ಲೂ ಮೂರು ಉಳಿದರೆ ಮಾರಿದ್ದು 12. ಆಗ ಕಪ್ಪಿಗೆ 6 ರೂಪಾಯಿ 88 ಪೈಸೆ. ಹಾಲು, ಸಕ್ಕರೆ, ಪುಡಿ, ಗ್ಯಾಸು ಯಾವುದರ ದರವೂ ಒಂದು ಪೈಸೆ ಏರಿಲ್ಲ, ಟೀಯ ಖರ್ಚು ಮಾತ್ರ ಸುಮಾರು ಎರಡು ರೂಪಾಯಿ ಏರಿತು.

ಅದಕ್ಕೇ ದಿನದ ಕೊನೆಯ ಪಾತ್ರೆಯನ್ನು ಬಹಳ ಯೋಚಿಸಿ ಇಡಬೇಕು. ಒಂದು ಪಾತ್ರೆಗೆ ಹಾಕಿದ 77 ರೂಪಾಯಿ ವಾಪಸ್ ಬರಬೇಕಾದರೆ 9 ಕಪ್ ಮಾರಾಟವಾಗಬೇಕು. ಒಂದು ಟೀಗೆ ಬರುವ 10 ರೂಪಾಯಿಯಲ್ಲಿ ಪೇಪರ್ ಕಪ್ಪಿನ 45 ಪೈಸೆ ಕಳೆದರೆ 9 ರೂಪಾಯಿ 55 ಪೈಸೆ, ಎಂಟು ಕಪ್ಪಿಗೆ 76 ರೂಪಾಯಿ 40 ಪೈಸೆ. ಒಂಬತ್ತನೆಯ ಕಪ್ಪಿನಲ್ಲಿ ಹಾಕಿದ ದುಡ್ಡು ಬಂದು, ಅಲ್ಲಿಂದ ಮುಂದೆ ಅಂಗಡಿಯವರ ಪಾಲು ಶುರುವಾಗುತ್ತದೆ. ರಾತ್ರಿ ಏಳೂವರೆಗೆ ಇಟ್ಟ ಪೂರ್ತಿ ಪಾತ್ರೆಯಲ್ಲಿ 6 ಕಪ್ ಮಾತ್ರ ಹೋದರೆ ಒಂದೊಂದು ಕಪ್ಪಿಗೂ 13 ರೂಪಾಯಿ 30 ಪೈಸೆ ಖರ್ಚು ಮಾಡಿ 10 ರೂಪಾಯಿಗೆ ಮಾರಿದ ಹಾಗಾಯಿತು.

ಆ ಹೊತ್ತಿಗೆ ಅರ್ಧ ಪಾತ್ರೆ ಇಡುವುದು ಜಾಣತನ, ಆದರೆ ಅದಕ್ಕೂ ಒಂದು ಬೆಲೆ ಇದೆ. ಆವಿಯಾಗುವುದು ಪಾತ್ರೆಯ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ಕುದಿಯಿತು ಎಂಬುದರ ಮೇಲೆ, ಒಳಗೆ ಎಷ್ಟು ಹಾಲಿದೆ ಎಂಬುದರ ಮೇಲಲ್ಲ. ಅದೇ ಅಗಲದ ಪಾತ್ರೆಯಲ್ಲಿ ಅರ್ಧ ಲೀಟರ್ ಹಾಲು ಹಾಕಿದರೆ ಎಂಟೂವರೆ ಕಪ್ ಬರುವುದಿಲ್ಲ, ಎಂಟು ಸಿಗುತ್ತವೆ. ಗ್ಯಾಸು ಸಹ ಸರಿಯಾಗಿ ಅರ್ಧಕ್ಕೆ ಇಳಿಯುವುದಿಲ್ಲ, 6 ರೂಪಾಯಿ ಹಿಡಿಯಬೇಕು. ಹಾಗಾಗಿ ಅರ್ಧ ಪಾತ್ರೆಯ ಖರ್ಚು 39 ರೂಪಾಯಿ 55 ಪೈಸೆ, ಎಂಟೂ ಮಾರಾಟವಾದರೆ ಕಪ್ಪಿಗೆ 5 ರೂಪಾಯಿ 39 ಪೈಸೆ. ಪೂರ್ತಿ ಪಾತ್ರೆಗಿಂತ 40 ಪೈಸೆ ಜಾಸ್ತಿ. ಆದರೆ ಅದೇ ಆರು ಗಿರಾಕಿಗಳು ಬಂದರು ಎಂದರೆ ಕಪ್ಪಿಗೆ 7 ರೂಪಾಯಿ 4 ಪೈಸೆ, 13 ರೂಪಾಯಿ 30 ಪೈಸೆ ಅಲ್ಲ. ನಷ್ಟವಾಗುವ ಕಡೆ ಲಾಭ ಉಳಿಯಿತು. ಮಳೆಗಾಲದ ಸಂಜೆ, ಭಾನುವಾರದ ಮಧ್ಯಾಹ್ನ, ಕಚೇರಿಗಳಿಗೆ ರಜೆ ಇರುವ ದಿನ ಅರ್ಧ ಪಾತ್ರೆಯೇ ಸರಿ. ಇದಕ್ಕೆಂದೇ ಬಾಯಿ ಕಿರಿದಾದ ಒಂದು ಚಿಕ್ಕ ಪಾತ್ರೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಈಗ ಗ್ಯಾಸಿನ 10 ರೂಪಾಯಿಗೆ ಬರುತ್ತೇನೆ. ಅಂಗಡಿಗೆ ಬಳಸಬೇಕಾದದ್ದು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್. ಅದರ ದರವನ್ನು ತೈಲ ಕಂಪನಿಗಳು ಸಾಮಾನ್ಯವಾಗಿ ತಿಂಗಳ ಮೊದಲ ದಿನ ಪರಿಷ್ಕರಿಸುತ್ತವೆ. 1,800 ರೂಪಾಯಿ ಎಂದು ಹಿಡಿದರೆ ಕೆ.ಜಿ.ಗೆ ಸುಮಾರು 95 ರೂಪಾಯಿ. ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ ಅಗ್ಗ ಎಂದು ಗಾಡಿಗೆ ತರುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಸಿಲಿಂಡರೂ ಹೋಗುತ್ತದೆ, ಕೇಸೂ ಆಗುತ್ತದೆ. ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಲೇಬಾರದು.

ಗ್ಯಾಸಿನ ಖರ್ಚನ್ನು ಕಂಡುಹಿಡಿಯುವ ಸರಳ ದಾರಿ ಒಂದೇ. ಹೊಸ ಸಿಲಿಂಡರ್ ಜೋಡಿಸಿದ ದಿನ ಅದರ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯುವುದು, ಖಾಲಿಯಾದ ದಿನ ಲೆಕ್ಕ ನೋಡುವುದು. ನಮ್ಮ ಗಾಡಿಯಲ್ಲಿ ಅದು 15 ದಿನ ಬರುತ್ತದೆ ಎಂದರೆ ದಿನಕ್ಕೆ 120 ರೂಪಾಯಿ, 12 ಪಾತ್ರೆಗೆ ಹಂಚಿದರೆ ಪಾತ್ರೆಗೆ 10.

ಇದೇ ಲೆಕ್ಕವನ್ನು ಇನ್ನೊಂದು ತುದಿಯಿಂದ ನೋಡಿದರೆ ಒಂದು ವಿಷಯ ಹೊರಬೀಳುತ್ತದೆ. ಇಷ್ಟು ಹಾಲು ನೀರನ್ನು ಕುದಿಸಿ, ಹತ್ತನೇ ಒಂದು ಭಾಗ ಆವಿ ಮಾಡಲು ನಿಜವಾಗಿ ಬೇಕಾದ ಗ್ಯಾಸು ಎಷ್ಟು? ಬಯಲಲ್ಲಿ ಉರಿಯುವ ಒಲೆಯ ಬಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಗೆ ಹೋಗುತ್ತದೆ ಎಂದೇ ಇಟ್ಟುಕೊಂಡರೂ ಪಾತ್ರೆಗೆ 45 ಗ್ರಾಂ ಸಾಕು. ಅಂದರೆ ನಾಲ್ಕೂಕಾಲು ರೂಪಾಯಿ. ಹಾಗಾದರೆ 10 ರೂಪಾಯಿಯಲ್ಲಿ ಉಳಿದ ಐದು ಮುಕ್ಕಾಲು ಎಲ್ಲಿಗೆ ಹೋಯಿತು? ಸಿಮ್ಮಿನಲ್ಲಿ. ಬೆಳಿಗ್ಗೆ ಹಚ್ಚಿದ ಒಲೆ ರಾತ್ರಿ ತನಕ ಆರುವುದಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಸಣ್ಣ ಉರಿಯಲ್ಲಿ ಟೀ ಬಿಸಿಯಾಗಿಯೇ ಇರಬೇಕು. ಗಂಟೆಗೆ 50 ಗ್ರಾಮಿನಂತೆ 14 ಗಂಟೆಗೆ 700 ಗ್ರಾಂ, ದಿನಕ್ಕೆ 66 ರೂಪಾಯಿ. ಟೀ ಮಾಡಲು ಬೇಕಾದ ಗ್ಯಾಸಿಗಿಂತ ಮಾಡಿದ ಟೀಯನ್ನು ಬಿಸಿಯಾಗಿ ಇಡಲು ಹೋಗುವ ಗ್ಯಾಸೇ ಜಾಸ್ತಿ.

ಸಿಮ್ಮಿನಿಂದ ಆಗುವ ನಷ್ಟ ಗ್ಯಾಸಿಗೆ ನಿಲ್ಲುವುದಿಲ್ಲ. ಸಣ್ಣ ಉರಿಯ ಮೇಲೆ ಬಾಯ್ತೆರೆದು ಕೂತ ಪಾತ್ರೆಯಿಂದ ಟೀ ಸದಾ ಆವಿಯಾಗುತ್ತಲೇ ಇರುತ್ತದೆ. ಒಂದು ಗಂಟೆ ಹಾಗೆ ಬಿಟ್ಟರೆ ಒಂದೆರಡು ಕಪ್ ಟೀ ಕಣ್ಣಿಗೆ ಕಾಣದಂತೆ ಹೋಗಿರುತ್ತದೆ. ಪಾತ್ರೆಯ ಒಳಗೋಡೆಯನ್ನು ನೋಡಿದರೆ ಗೊತ್ತಾಗುತ್ತದೆ: ಟೀ ಎಲ್ಲಿ ತನಕ ಇತ್ತು ಎಂದು ಹೇಳುವ ಕಂದು ಗೆರೆ ಮೇಲೆ, ಈಗಿನ ಮಟ್ಟ ಕೆಳಗೆ. ನಡುವಿನ ಟೀಯಲ್ಲಿ ಮಾರಿದ್ದೆಷ್ಟು, ಹಾರಿದ್ದೆಷ್ಟು? ಉಳಿದ ಟೀ ಗಟ್ಟಿಯಾಗಿ, ಸಕ್ಕರೆ ಹೆಚ್ಚಾದಂತೆ ಆಗಿ, ಅದಕ್ಕೆ ಒಂದಿಷ್ಟು ನೀರು ಹಾಲು ಸುರಿದು ಹೊಂದಿಸುವ ಕೆಲಸ ಬೇರೆ. ಸೋಸಿದ ಟೀಯನ್ನು ಸ್ಟೀಲಿನ ದೊಡ್ಡ ಫ್ಲಾಸ್ಕಿಗೆ ಹಾಕಿ ಒಲೆ ಆರಿಸುವವರಿಗೆ ಈ ಎರಡೂ ನಷ್ಟ ತಪ್ಪುತ್ತವೆ. ‘ಫ್ಲಾಸ್ಕಿನ ಟೀ ಬೇಡ, ಒಲೆ ಮೇಲಿಂದು ಕೊಡಿ’ ಎನ್ನುವ ಗಿರಾಕಿಗಳು ಇದ್ದೇ ಇರುತ್ತಾರೆ. ಬೆಳಗಿನ ಮತ್ತು ಸಂಜೆಯ ನೂಕುನುಗ್ಗಲಿನಲ್ಲಿ ಒಲೆ, ಹನ್ನೊಂದರಿಂದ ಮೂರರ ತನಕ ಫ್ಲಾಸ್ಕು ಎಂದು ಮಾಡಿಕೊಂಡರೂ ಸಾಕು. ಇಷ್ಟು ಹಣ ಹಾಕಲಾಗದವರು ಕನಿಷ್ಠ ಪಾತ್ರೆಗೆ ಮುಚ್ಚಳ ಮುಚ್ಚಬಹುದು, ಒಲೆಯ ಮೂರು ಬದಿಗೆ ತಗಡು ನಿಲ್ಲಿಸಿ ಗಾಳಿ ತಡೆಯಬಹುದು. ಉರಿ ನೀಲಿ ಇಲ್ಲದೆ ಹಳದಿಯಾಗಿ ಏಳುತ್ತಿದ್ದರೆ, ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಬರ್ನರಿನ ತೂತುಗಳು ಉಕ್ಕಿದ ಹಾಲಿನಿಂದ ಕಟ್ಟಿಕೊಂಡಿವೆ ಎಂದು ತಿಳಿಯಬೇಕು. ಪಿನ್ನಿನಿಂದ ಬಿಡಿಸಿ ತೊಳೆದರೆ ಸಿಲಿಂಡರ್ ಒಂದು ದಿನವಾದರೂ ಹೆಚ್ಚು ಬರುತ್ತದೆ.

ಪಾತ್ರೆಗೆ ಪಾತ್ರೆಯೇ ಹೋಗುವ ಸಂದರ್ಭವೂ ಇದೆ, ಅದು ಹಾಲು ಒಡೆದಾಗ. ಹಾಲು ಹಳೆಯದು ಎಂದು ಎಲ್ಲರೂ ಹಾಲನ್ನೇ ಬೈಯುತ್ತಾರೆ. ಅನೇಕ ಸಲ ಕಾರಣ ಹಸಿ ಶುಂಠಿ. ಶುಂಠಿಯ ರಸದಲ್ಲಿ ಹಾಲಿನ ಪ್ರೋಟೀನನ್ನು ತುಂಡರಿಸಿ ಹಾಲು ಒಡೆಸುವ ಒಂದು ಕಿಣ್ವ ಇದೆ. ಹಾಲು ಬಿಸಿಯಾಗುತ್ತಾ 60–70 ಡಿಗ್ರಿಗೆ ಬರುವಾಗ ಅದು ಜೋರಾಗಿ ಕೆಲಸ ಮಾಡುತ್ತದೆ, ಕುದಿಯುವ ಶಾಖದಲ್ಲಿ ಸತ್ತುಹೋಗುತ್ತದೆ. ತಣ್ಣನೆಯ ಹಾಲಿಗೇ ಶುಂಠಿ ಜಜ್ಜಿ ಹಾಕಿ ಒಲೆ ಹಚ್ಚಿದರೆ ಅಪಾಯ. ಮೊದಲು 600 ಮಿಲಿಲೀಟರ್ ನೀರಿಗೆ ಶುಂಠಿ ಹಾಕಿ ಎರಡು ನಿಮಿಷ ಚೆನ್ನಾಗಿ ಕುದಿಸಿ, ಆಮೇಲೆ ಪುಡಿ, ಸಕ್ಕರೆ, ಹಾಲು ಹಾಕಿದರೆ ಈ ಭಯ ಇಲ್ಲ. ಒಂದು ಪಾತ್ರೆ ಒಡೆದರೆ ಹೋಗುವುದು 77 ರೂಪಾಯಿ. ಅದನ್ನು ತುಂಬಿಕೊಳ್ಳಲು ಇನ್ನೂ 16 ಟೀ ಮಾರಬೇಕು, ಯಾಕೆಂದರೆ ಒಂದು ಟೀಯಲ್ಲಿ ಉಳಿಯುವುದು 5 ರೂಪಾಯಿ ಮಾತ್ರ.

ಟೀ ಪುಡಿಯಲ್ಲಿ ಉಳಿಸಲು ಹೊರಡುವವರಿಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಬಳಸುವುದು ಹೆಚ್ಚಾಗಿ ಡಸ್ಟ್ ಎಂದು ಕರೆಯುವ ಸಣ್ಣ ಪುಡಿ. ಕಣ ಸಣ್ಣದಾದಷ್ಟೂ ಬಣ್ಣ, ಕಡಕ್ಕು ಬೇಗ ಬಿಡುತ್ತದೆ, ಅದಕ್ಕೇ ಕಪ್ಪಿಗೆ 2 ಗ್ರಾಂ ಪುಡಿ ಸಾಕಾಗುತ್ತದೆ. ಕೆ.ಜಿ.ಗೆ 360ರ ಪುಡಿ ಬಿಟ್ಟು 240ರ ಪುಡಿ ತಂದರೆ ಕಪ್ಪಿಗೆ ಉಳಿಯುವುದು 25 ಪೈಸೆ. ಆದರೆ ಆ ಪುಡಿಯನ್ನು ಅಷ್ಟೇ ಕಡಕ್ಕು ಬರಲು ಹೆಚ್ಚು ಹಾಕಬೇಕಾದರೆ, ಹೆಚ್ಚು ಹೊತ್ತು ಕುದಿಸಬೇಕಾದರೆ, ಉಳಿತಾಯ ಪುಡಿಯಲ್ಲೇ ಕರಗಿ, ಮೇಲೆ ಗ್ಯಾಸೂ ಆವಿಯೂ ಸೇರುತ್ತವೆ. ತೀರಾ ಅಗ್ಗದ ಬಿಡಿ ಪುಡಿಯಲ್ಲಿ ಇನ್ನೊಂದು ಮೋಸ ಇರಬಹುದು, ಒಮ್ಮೆ ಬಳಸಿ ಎಸೆದ ಪುಡಿಯನ್ನು ಒಣಗಿಸಿ ಬಣ್ಣ ಹಚ್ಚಿ ಬೆರೆಸುವುದು. ಪರೀಕ್ಷೆ ಸುಲಭ. ಸೋಸುವ ಕಾಗದದ ಮೇಲೆ ಸ್ವಲ್ಪ ಪುಡಿ ಹರಡಿ, ತಣ್ಣೀರು ಚಿಮುಕಿಸಿ, ಆಮೇಲೆ ಕಾಗದವನ್ನು ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಪುಡಿ ತಣ್ಣೀರಿಗೆ ಬಣ್ಣ ಬಿಡುವುದು ನಿಧಾನ, ಕಾಗದ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬಣ್ಣ ಹಚ್ಚಿದ್ದಾದರೆ ಕಾಗದದ ಮೇಲೆ ಚುಕ್ಕೆ ಚುಕ್ಕೆಯಾಗಿ ಕಲೆ ಕೂರುತ್ತದೆ.

ಹಾಲಿನ ವಿಷಯವೂ ಹಾಗೆಯೇ. ಟೋನ್ಡ್ ಹಾಲಿನಲ್ಲಿ ಇರುವುದೇ ನೂರಕ್ಕೆ 3ರಷ್ಟು ಕೊಬ್ಬು. ಅದಕ್ಕೆ ಈಗಾಗಲೇ 600 ಮಿಲಿಲೀಟರ್ ನೀರು ಬಿದ್ದಿದೆ. ಇನ್ನೂ 100 ಮಿಲಿಲೀಟರ್ ಹಾಲು ತೆಗೆದು ಆ ಜಾಗಕ್ಕೆ ನೀರು ಹಾಕಿದರೆ ಪಾತ್ರೆಗೆ 4 ರೂಪಾಯಿ 60 ಪೈಸೆ, ಕಪ್ಪಿಗೆ 27 ಪೈಸೆ ಉಳಿಯುತ್ತದೆ. ಟೀ ತೆಳ್ಳಗಾದದ್ದು ಮೊದಲ ಗುಟುಕಿಗೇ ಗೊತ್ತಾಗುತ್ತದೆ. ದಿನಾ ಬರುವ ಒಬ್ಬ ಗಿರಾಕಿ ಬರುವುದನ್ನು ನಿಲ್ಲಿಸಿದರೆ ಆ ಒಂದು ಕಪ್ಪಿನಲ್ಲೇ 5 ರೂಪಾಯಿ ಹೋಯಿತು. ಅದು ನೀರು ಹಾಕಿ ಉಳಿಸಿದ ಇಡೀ ಪಾತ್ರೆಯ ಹಣಕ್ಕಿಂತ ಹೆಚ್ಚು.

ಇಷ್ಟನ್ನೂ ಒಂದು ದಿನದ ಮೇಲೆ ಹರಡಿ ನೋಡೋಣ. ಗಾಡಿಗೆ ದಿನಕ್ಕೆ 180 ಗಿರಾಕಿಗಳು ಬರುತ್ತಾರೆ. ಕೈ ಹಿಡಿತದಲ್ಲಿಲ್ಲದೆ, ಸಿಮ್ಮಿನಲ್ಲಿ ಹಾರಿಹೋಗಿ, ತಳದಲ್ಲಿ ಉಳಿದು, ಪಾತ್ರೆಗೆ ಸರಾಸರಿ 15 ಕಪ್ ಮಾತ್ರ ಮಾರಾಟವಾಗುತ್ತಿದ್ದರೆ 12 ಪಾತ್ರೆ ಇಡಬೇಕು. ವ್ಯಾಪಾರ 1,800 ರೂಪಾಯಿ. ಪಾತ್ರೆಗಳ ಖರ್ಚು 925, ಪೇಪರ್ ಕಪ್ಪಿಗೆ 81. ಉಳಿದದ್ದು 794. ಜಾಗದ ಬಾಡಿಗೆ, ದೀಪ, ಕಸ ಎಲ್ಲಕ್ಕೂ 250 ಕೊಟ್ಟರೆ ಇಬ್ಬರ ಹದಿನಾಲ್ಕು ಗಂಟೆಯ ದುಡಿಮೆಗೆ ಸಿಕ್ಕಿದ್ದು 544 ರೂಪಾಯಿ. ಸಂಜೆ ಬರುವ ಪಿಗ್ಮಿಯವರಿಗೆ ಕೊಡುವುದು ಇದರಿಂದಲೇ. ಅದನ್ನು ಖರ್ಚು ಎಂದು ಬರೆಯಬಾರದು, ಅದು ಉಳಿತಾಯ. ಆದರೆ ಸಾಲದ ಕಂತಿನ ಬಡ್ಡಿ ಖರ್ಚೇ.

ಅದೇ 180 ಜನರಿಗೆ ಪಾತ್ರೆಗೆ 17 ಕಪ್ಪಿನಂತೆ ಕೊಟ್ಟರೆ ಹತ್ತೂವರೆ ಪಾತ್ರೆಯಲ್ಲಿ ಮುಗಿಯುತ್ತದೆ. ಅಂದರೆ ದಿನಕ್ಕೆ ಹತ್ತಿರ ಹತ್ತಿರ ಒಂದೂವರೆ ಪಾತ್ರೆಯ ಹಾಲು, ಸಕ್ಕರೆ, ಪುಡಿ ಉಳಿಯುತ್ತದೆ, ಸುಮಾರು 100 ರೂಪಾಯಿ. ತಿಂಗಳಿಗೆ 26 ದಿನ ಎಂದರೆ 2,600. ಇತ್ತ ಹಾಲಿನ ಬೆಲೆ ಏರಿಕೆಯಿಂದ ಈ ಗಾಡಿಗೆ ದಿನಕ್ಕೆ ಬಿದ್ದ ಹೊರೆ 12 ಲೀಟರಿಗೆ ನಾಲ್ಕು ರೂಪಾಯಿಯಂತೆ 48 ರೂಪಾಯಿ. ಹಾಲಿನ ಬೆಲೆ ನಮ್ಮ ಕೈಯಲ್ಲಿಲ್ಲ. ಆ 100 ರೂಪಾಯಿ ಇದೆ, ಅದೂ 48ರ ಎರಡು ಪಟ್ಟು.

ಕಪ್ ಎಣಿಸುವುದು ಹೇಗೆ ಎಂದು ಕೇಳಬಹುದು. ಗಿರಾಕಿಗಳ ನಡುವೆ ಪುಸ್ತಕ ತೆಗೆದು ಬರೆಯಲು ಯಾರಿಗೂ ಆಗುವುದಿಲ್ಲ. ಪೇಪರ್ ಕಪ್ಪೇ ಎಣಿಸಿಕೊಡುತ್ತದೆ. 50ರ ಕಟ್ಟು ಎಷ್ಟು ಒಡೆದಿರಿ, ಕೊನೆಯ ಕಟ್ಟಿನಲ್ಲಿ ಎಷ್ಟು ಉಳಿದಿವೆ ಎಂದು ರಾತ್ರಿ ನೋಡಿ, ಬೈಟುವಿಗೆ ಹೋದ ಹೆಚ್ಚಿನ ಕಪ್ಪುಗಳನ್ನು ಅಂದಾಜಿಗೆ ಕಳೆದರೆ ಮಾರಿದ ಟೀ ಸಿಗುತ್ತದೆ. ಪಾತ್ರೆ ಇಟ್ಟಾಗಲೆಲ್ಲ ಗಾಡಿಯ ಹಲಗೆಯ ಮೇಲೆ ಸೀಮೆಸುಣ್ಣದ ಒಂದು ಗೀಟು ಎಳೆಯಿರಿ. ಮಾರಿದ ಟೀಯನ್ನು ಗೀಟುಗಳ ಸಂಖ್ಯೆಯಿಂದ ಭಾಗಿಸಿ. ಗಾಜಿನ ಲೋಟದವರು ಹಾಲಿನ ಪ್ಯಾಕೆಟ್ ಎಣಿಸಿ, ಗಲ್ಲದಲ್ಲಿ ಟೀಯಿಂದ ಬಂದ ಹಣವನ್ನು ಬಿಸ್ಕತ್ತು ಬನ್ನಿನ ಹಣದಿಂದ ಬೇರೆ ಇಟ್ಟು ಅದೇ ಲೆಕ್ಕ ಮಾಡಬಹುದು. ಉದ್ರಿ ಕೊಟ್ಟದ್ದನ್ನೂ, ಪರಿಚಯದವರಿಗೆ ಪುಕ್ಕಟೆ ಕೊಟ್ಟದ್ದನ್ನೂ ಬೇರೆ ಬರೆದಿಡಿ. ಪುಕ್ಕಟೆ ಟೀ ಕೊಡಬಾರದೆಂದಲ್ಲ, ಅದು ಮಾರಾಟದ ಲೆಕ್ಕದೊಳಗೆ ಬೆರೆತರೆ ಅಂಕಿ ಸುಳ್ಳಾಗುತ್ತದೆ.

ಟೀ ಗಾಡಿ ನಡೆಸುವ ಓದುಗರು ಇದ್ದರೆ ಒಂದು ವಿನಂತಿ. ಬೆಲೆಯ ಹಲಗೆಯಲ್ಲಿ 10ನ್ನು ಅಳಿಸಿ 12 ಬರೆಯುವ ಮೊದಲು ಒಂದು ವಾರ ಈ ಲೆಕ್ಕ ಇಟ್ಟು ನೋಡಿ. ಪಾತ್ರೆಗೆ 17 ಕಪ್ ಮಾರಿಯೂ ಮನೆ ನಡೆಯುತ್ತಿಲ್ಲ ಎಂದಾದರೆ ಧೈರ್ಯವಾಗಿ 12 ಮಾಡಿ, ಗಿರಾಕಿಗಳಿಗೆ ಲೆಕ್ಕ ತೋರಿಸಿಯೇ ಮಾಡಿ. 14, 15 ಎಂದು ಬಂದರೆ ಬೆಲೆ ಮುಟ್ಟಬೇಡಿ, ಮೊದಲು ಸಿಮ್ಮು ಆರಿಸಿ, ಅಳತೆ ಲೋಟ ತನ್ನಿ, ಸಂಜೆ ಏಳರ ಮೇಲೆ ಅರ್ಧ ಪಾತ್ರೆಯನ್ನೇ ಇಡಿ.